ಹೆಜ್ಜೆ ಎಷ್ಟು ಉದ್ದವಿರಬೇಕು?

ಹತ್ತರಿಂದ ಹೊರಟು ಸೊನ್ನೆ ಮುಟ್ಟಬೇಕು, ಲೆಕ್ಕ ಇಷ್ಟೇ. f(x) = x² ಎಂಬ ಫಲನದ ನಕ್ಷೆ ಮೇಲಕ್ಕೆ ಬಾಯಿ ತೆರೆದ ಪರವಲಯ. ಅದರ ತಳ x = 0 ಇದ್ದಲ್ಲಿದೆ ಎಂಬುದು ನೋಡಿದವರಿಗೆ ತಕ್ಷಣ ತಿಳಿಯುತ್ತದೆ. ಕಂಪ್ಯೂಟರಿಗೆ ಮಾತ್ರ ಪೂರ್ತಿ ನಕ್ಷೆ ಕಾಣುವುದಿಲ್ಲ, ನಿಂತ ಜಾಗದ ಇಳಿಜಾರಷ್ಟೇ ಗೊತ್ತು. ಏರು ಯಾವ ಕಡೆಗಿದೆಯೋ ಅದರ ಎದುರು ದಿಕ್ಕಿಗೆ ಒಂದು ಹೆಜ್ಜೆ ಇಟ್ಟು, ಅಲ್ಲಿ ಮತ್ತೆ ಇಳಿಜಾರು ಅಳೆದು, ಮತ್ತೊಂದು ಹೆಜ್ಜೆ ಇಡುವುದೇ ಗ್ರೇಡಿಯಂಟ್ ಡಿಸೆಂಟ್. ಫ್ರೆಂಚ್ ಗಣಿತಜ್ಞ ಕೋಶಿ ಇದನ್ನು 1847ರಲ್ಲಿ ಮುಂದಿಟ್ಟಾಗ ಅವನ ಮನಸ್ಸಿನಲ್ಲಿದ್ದದ್ದು ಆಕಾಶಕಾಯಗಳ ಕಕ್ಷೆಯ ಲೆಕ್ಕ. ಇಂದು ನ್ಯೂರಲ್ ನೆಟ್‌ವರ್ಕ್‌ಗಳಿಗೆ ತರಬೇತಿ ಕೊಡುವ ವಿಧಾನಗಳೂ ಇದೇ ವಂಶದವು.

ದಿಕ್ಕನ್ನು ಇಳಿಜಾರೇ ಹೇಳಿಕೊಡುತ್ತದೆ. ಹೆಜ್ಜೆಯ ಗಾತ್ರವನ್ನು ನಾವು ಆರಿಸಬೇಕು.

x² ಫಲನಕ್ಕೆ ಯಾವುದೇ ಬಿಂದುವಿನಲ್ಲಿ ಇಳಿಜಾರು 2x. ಹೆಜ್ಜೆಯ ಗಾತ್ರವನ್ನು η ಎಂದು ಕರೆದರೆ, ಹೊಸ x ಸಿಗುವುದು ಹಳೆಯ x ನಿಂದ η × 2x ಕಳೆದಾಗ. ಅಂದರೆ ಪ್ರತಿ ಹೆಜ್ಜೆಯೂ x ಅನ್ನು (1 − 2η) ಎಂಬ ಒಂದೇ ಸಂಖ್ಯೆಯಿಂದ ಗುಣಿಸುತ್ತದೆ. ಮುಂದಿನ ಕಥೆಯೆಲ್ಲ ಈ ಸಂಖ್ಯೆಯಲ್ಲೇ ಅಡಗಿದೆ.

η = 0.01 ಎಂದಿಟ್ಟುಕೊಂಡರೆ ಗುಣಕ 0.98. ಹತ್ತರಿಂದ ಹೊರಟು 20 ಹೆಜ್ಜೆ ನಡೆದರೂ ಇನ್ನೂ 6.7ರ ಹತ್ತಿರವೇ ಇರುತ್ತೇವೆ. η = 0.1 ಆದರೆ ಗುಣಕ 0.8, ಅಷ್ಟೇ ಹೆಜ್ಜೆಗಳಲ್ಲಿ 0.12ಕ್ಕೆ ಬಂದಿರುತ್ತೇವೆ. η = 0.5 ಆದಾಗ ಗುಣಕ ಸೊನ್ನೆ, ಒಂದೇ ಹೆಜ್ಜೆಗೆ ತಳ. ಅದಕ್ಕಿಂತ ದೊಡ್ಡ ಹೆಜ್ಜೆ ಇಟ್ಟರೆ ತಳವನ್ನು ದಾಟಿ ಆಚೆ ದಡಕ್ಕೆ ಹೋಗಿಬಿಡುತ್ತೇವೆ. η = 1 ಆದಾಗ 10, −10, 10, −10 ಎಂದು ಅತ್ತಿಂದಿತ್ತ ಓಡಾಟ ಮಾತ್ರ. η = 1.1 ಆದರೆ 10, −12, 14.4, −17.28 ಎಂದು ಪ್ರತಿ ಹೆಜ್ಜೆಗೂ ದೂರ ಬೆಳೆಯುತ್ತದೆ. 20ನೆಯ ಹೆಜ್ಜೆಗೆ 383 ದಾಟಿರುತ್ತದೆ.

ಇವುಗಳಲ್ಲಿ ಹೆಚ್ಚು ಗಮನಿಸಬೇಕಾದದ್ದು 0.1 ಮತ್ತು 0.9ರ ಜೋಡಿ. ಮೊದಲನೆಯದು 10, 8, 6.4 ಎಂದು ಒಂದೇ ಬದಿಯಿಂದ ಇಳಿಯುತ್ತದೆ. ಎರಡನೆಯದು 10, −8, 6.4 ಎಂದು ದಡದಿಂದ ದಡಕ್ಕೆ ಜಿಗಿಯುತ್ತಾ ಇಳಿಯುತ್ತದೆ. ಆದರೆ ಫಲನದ ಬೆಲೆ ಎರಡರಲ್ಲೂ 100, 64, 40.96! ಬೆಲೆಯ ಗ್ರಾಫನ್ನಷ್ಟೇ ನೋಡುವವರಿಗೆ ಎರಡೂ ಒಂದೇ ಗೆರೆ. ನಿಧಾನವಾಯಿತೆಂದು ಇಬ್ಬರೂ ಹೆಜ್ಜೆಯನ್ನು ಎರಡು ಪಟ್ಟು ಮಾಡಿದರೆ, 0.1ರವರು 0.2ಕ್ಕೆ ಹೋಗಿ ಬೇಗ ತಳ ಸೇರುತ್ತಾರೆ, 0.9ರವರು 1.8ಕ್ಕೆ ಹೋಗಿ ಅನಂತದ ಕಡೆ ಹೊರಡುತ್ತಾರೆ. ಈ ವ್ಯತ್ಯಾಸ ಹಿಡಿಯಲು ಇಳಿಜಾರಿನ ಚಿಹ್ನೆ ನೋಡಬೇಕು. ಅದು ಹೆಜ್ಜೆಹೆಜ್ಜೆಗೂ ಧನದಿಂದ ಋಣಕ್ಕೆ, ಋಣದಿಂದ ಧನಕ್ಕೆ ಬದಲಾಗುತ್ತಿದ್ದರೆ ಹೆಜ್ಜೆ ಅಗತ್ಯಕ್ಕಿಂತ ದೊಡ್ಡದು.

ಗಡಿ 1ಕ್ಕೇ ಏಕೆ ಬಂತು? x² ಬಾಗಿರುವ ಪ್ರಮಾಣ, ಅಂದರೆ ಅದರ ಇಳಿಜಾರು ಬದಲಾಗುವ ದರ, 2. ಎರಡನ್ನು ಆ ದರದಿಂದ ಭಾಗಿಸಿದರೆ ಗಡಿ ಸಿಗುತ್ತದೆ. ಹೆಚ್ಚು ಬಾಗಿದ ಕಣಿವೆಗೆ ಚಿಕ್ಕ ಹೆಜ್ಜೆಯೇ ಬೇಕು.

ನಿಜವಾದ ತೊಡಕು ಶುರುವಾಗುವುದು ಎರಡು ದಿಕ್ಕುಗಳಿದ್ದಾಗ. x² + 25y² ತೆಗೆದುಕೊಳ್ಳಿ. x ದಿಕ್ಕಿನಲ್ಲಿ ಬಾಗು 2, y ದಿಕ್ಕಿನಲ್ಲಿ 50. ಈಗ ತಾನೇ ಚೆನ್ನಾಗಿ ನಡೆದ 0.1 ಇಲ್ಲಿ y ಯನ್ನು 10, −40, 160 ಎಂದು ಹಾರಿಸಿಬಿಡುತ್ತದೆ. y ಹಿಡಿತದಲ್ಲಿರಬೇಕಾದರೆ η 0.04ಕ್ಕಿಂತ ಕಡಿಮೆ ಇರಬೇಕು, ಆದರೆ ಅಷ್ಟು ಚಿಕ್ಕ ಹೆಜ್ಜೆಗೆ x ತೆವಳುತ್ತದೆ. ಎರಡಕ್ಕೂ ಹೊಂದುವ ಅತ್ಯುತ್ತಮ ಬೆಲೆ 1/26. ಆಗ x ನ ಗುಣಕ 12/13, y ಯದು −12/13. ದೂರವನ್ನು ನೂರರಲ್ಲಿ ಒಂದು ಪಾಲಿಗೆ ಇಳಿಸಲು 58 ಹೆಜ್ಜೆ ಬೇಕು. η ಅನ್ನು ಎಷ್ಟೇ ತಿದ್ದಿದರೂ ಇದಕ್ಕಿಂತ ವೇಗ ಸಿಗದು, ಏಕೆಂದರೆ ತೊಂದರೆ ಇರುವುದು ಕಣಿವೆಯ ಆಕಾರದಲ್ಲಿ.

ಹಾಗಾದರೆ ಆಕಾರವನ್ನೇ ಬದಲಿಸಬೇಕು. z = 5y ಎಂದು ಬರೆದುಕೊಂಡರೆ ಫಲನ x² + z² ಆಗುತ್ತದೆ, η = 0.5 ಒಂದೇ ಹೆಜ್ಜೆಗೆ ತಳ ಸೇರಿಸುತ್ತದೆ. ಮನೆಗಳ ಬೆಲೆಯನ್ನು ಅಂದಾಜಿಸುವ ಲೆಕ್ಕದಲ್ಲಿ 1200 ಚದರ ಅಡಿ ಮತ್ತು 3 ಕೋಣೆ ಎಂಬ ಅಂಕಿಗಳು ಜೊತೆಯಾಗಿ ಬಂದಾಗ ಇದೇ ಸಮಸ್ಯೆ. ಅಂಕಿಗಳ ಅಂತರ 400 ಪಟ್ಟು, ಬಾಗಿನ ಅಂತರ ಅದರ ವರ್ಗದಷ್ಟು, ಸುಮಾರು 1,60,000 ಪಟ್ಟು. ಆದ್ದರಿಂದಲೇ ತರಬೇತಿಗೆ ಮೊದಲು ಪ್ರತಿ ಅಂಕಣದಿಂದ ಅದರ ಸರಾಸರಿ ಕಳೆದು, ಎಲ್ಲವನ್ನೂ ಒಂದೇ ಅಳತೆಗೆ ತರುತ್ತಾರೆ. ದೊಡ್ಡ ಮನೆಗಳಲ್ಲಿ ಕೋಣೆಗಳೂ ಹೆಚ್ಚಿರುವುದರಿಂದ ಕಣಿವೆ ಆಮೇಲೂ ಸ್ವಲ್ಪ ಉದ್ದವಾಗಿಯೇ ಉಳಿಯುತ್ತದೆ, ಆದರೆ ಲಕ್ಷಗಟ್ಟಲೆ ಪಟ್ಟಿನ ಆ ಅಂತರ ಹೋಗಿರುತ್ತದೆ.