ಕ್ರಿಪ್ಟೋ ಹಿಂಪಡೆಯುವಿಕೆಯ ತಡೆ

ಹಿಂಪಡೆಯುವಿಕೆಯ ತಡೆ ಎಂದರೆ ಬಳಕೆದಾರರು ತಮ್ಮ ಖಾತೆಯಿಂದ ಹೊರಗಿನ ವ್ಯಾಲೆಟ್‌ಗೆ ಕ್ರಿಪ್ಟೋ ಆಸ್ತಿಯನ್ನು ಕಳುಹಿಸಲು ಸಲ್ಲಿಸಿದ ಕೋರಿಕೆಯನ್ನು ಕ್ರಿಪ್ಟೋ ಎಕ್ಸ್‌ಚೇಂಜ್ ಪರಿಶೀಲನೆಗಾಗಿ ತಾತ್ಕಾಲಿಕವಾಗಿ ನಿಲ್ಲಿಸುವುದು. ಬ್ಲಾಕ್‌ಚೈನ್‌ನಲ್ಲಿ ದೃಢಪಟ್ಟ ವರ್ಗಾವಣೆಯನ್ನು ಎಕ್ಸ್‌ಚೇಂಜ್ ರದ್ದುಪಡಿಸಲಾರದು. ಆದ್ದರಿಂದ ಕಳವನ್ನು ತಡೆಯಲು ಅದಕ್ಕಿರುವ ಅವಕಾಶವು ವರ್ಗಾವಣೆಗೆ ಮುಂಚಿನ ಅವಧಿ ಮಾತ್ರ.

## ವಿಳಾಸಗಳ ಅನುಮತಿ ಪಟ್ಟಿ

ಅನುಮತಿ ಪಟ್ಟಿಯನ್ನು ಸಕ್ರಿಯಗೊಳಿಸಿದ ಖಾತೆಯಿಂದ, ಆ ಪಟ್ಟಿಯಲ್ಲಿರುವ ವ್ಯಾಲೆಟ್ ವಿಳಾಸಗಳಿಗೆ ಮಾತ್ರ ಆಸ್ತಿಯನ್ನು ಕಳುಹಿಸಬಹುದು. ಹೊಸದಾಗಿ ಸೇರಿಸಿದ ವಿಳಾಸವು ಕೂಡಲೇ ಬಳಕೆಗೆ ಬರುವುದಿಲ್ಲ; ಕಾಯಿನ್‌ಬೇಸ್‌ನಲ್ಲಿ ಈ ಕಾಯುವ ಅವಧಿ 48 ಗಂಟೆಗಳು. ಪಾಸ್‌ವರ್ಡ್ ಬದಲಾಯಿಸಿದಾಗ ಅಥವಾ ಎರಡು ಹಂತದ ದೃಢೀಕರಣವನ್ನು ಮರುಹೊಂದಿಸಿದಾಗಲೂ ಅನೇಕ ಎಕ್ಸ್‌ಚೇಂಜ್‌ಗಳು ಹಿಂಪಡೆಯುವಿಕೆಯನ್ನು ಕೆಲಕಾಲ ನಿಲ್ಲಿಸುತ್ತವೆ.

ಉದಾಹರಣೆಗೆ, ವಂಚಕನೊಬ್ಬ ಸೋಮವಾರ ರಾತ್ರಿ 11 ಗಂಟೆಗೆ ಬೇರೊಬ್ಬರ ಖಾತೆಯನ್ನು ಪ್ರವೇಶಿಸಿ ತನ್ನ ವಿಳಾಸವನ್ನು ಸೇರಿಸಿದನೆಂದು ಭಾವಿಸಬಹುದು. ಎಕ್ಸ್‌ಚೇಂಜ್ ಆಗಲೇ ಖಾತೆದಾರರಿಗೆ ಇಮೇಲ್ ಕಳುಹಿಸುತ್ತದೆ. ಕಾಯುವ ಅವಧಿ 48 ಗಂಟೆಗಳಾಗಿದ್ದರೆ ಬುಧವಾರ ರಾತ್ರಿ 11ರವರೆಗೆ ಆ ವಿಳಾಸಕ್ಕೆ ಏನನ್ನೂ ಕಳುಹಿಸಲಾಗದು. ಮಂಗಳವಾರ ಬೆಳಿಗ್ಗೆ ಇಮೇಲ್ ಓದಿದ ಖಾತೆದಾರರು ಖಾತೆಯನ್ನು ಸ್ಥಗಿತಗೊಳಿಸಿದರೆ ಆಸ್ತಿ ಉಳಿಯುತ್ತದೆ. ಆದರೆ ವಂಚಕನ ಮಾತನ್ನು ನಂಬಿ ಖಾತೆದಾರರೇ ವಿಳಾಸವನ್ನು ಸೇರಿಸಿ ಕಾದರೆ ಈ ವ್ಯವಸ್ಥೆಯಿಂದ ಪ್ರಯೋಜನವಾಗದು.

## ಗುರುತಿನ ಪರಿಶೀಲನೆ

ಭಾರತದಲ್ಲಿ 2023ರ ಮಾರ್ಚ್ 7ರ ಅಧಿಸೂಚನೆಯ ಮೂಲಕ ಕ್ರಿಪ್ಟೋ ಸೇವಾ ಸಂಸ್ಥೆಗಳನ್ನು ಅಕ್ರಮ ಹಣ ವರ್ಗಾವಣೆ ತಡೆ ಕಾಯಿದೆಯ ವ್ಯಾಪ್ತಿಗೆ ತರಲಾಯಿತು. ಗ್ರಾಹಕರ ಗುರುತನ್ನು ಪರಿಶೀಲಿಸುವುದು, ದಾಖಲೆಗಳನ್ನು ಕಾಪಾಡುವುದು ಹಾಗೂ ಅನುಮಾನಾಸ್ಪದ ವಹಿವಾಟುಗಳನ್ನು ಹಣಕಾಸು ಗುಪ್ತಚರ ಘಟಕಕ್ಕೆ ವರದಿ ಮಾಡುವುದು ಅವುಗಳ ಕರ್ತವ್ಯ. ಹೀಗಾಗಿ ಹಿಂಪಡೆಯುವ ವೇಳೆಯಲ್ಲಿ ಹೊಸ ಸೆಲ್ಫಿ, ಹಣದ ಮೂಲದ ದಾಖಲೆ ಅಥವಾ ಸ್ವೀಕರಿಸುವವರ ಹೆಸರನ್ನು ಕೇಳಬಹುದು. ದಾಖಲೆಗಳಲ್ಲಿನ ಹೆಸರಿನ ಕಾಗುಣಿತ ಹೊಂದಿಕೆಯಾಗದಿದ್ದರೆ ಪರಿಶೀಲನೆ ಸಿಬ್ಬಂದಿಯ ಕೈಗೆ ಹೋಗಿ ವಿಳಂಬವಾಗಬಹುದು.

## ತಡೆಯ ಸ್ವರೂಪವನ್ನು ಗುರುತಿಸುವುದು

ಕೋರಿಕೆಯ ವಿವರದಲ್ಲಿ ವಹಿವಾಟಿನ ಗುರುತು ಸಂಖ್ಯೆ (TXID) ಕಾಣಿಸದಿದ್ದರೆ, ಸಾಮಾನ್ಯವಾಗಿ ಆಸ್ತಿ ಇನ್ನೂ ಎಕ್ಸ್‌ಚೇಂಜ್‌ನಲ್ಲಿಯೇ ಇದೆ ಎಂದರ್ಥ. ಸಂಖ್ಯೆ ದೊರೆತಿದ್ದರೆ ವರ್ಗಾವಣೆಯ ಸ್ಥಿತಿಯನ್ನು ಬ್ಲಾಕ್‌ಚೈನ್‌ನಲ್ಲಿಯೇ ನೋಡಬಹುದು.

ಒಬ್ಬ ಬಳಕೆದಾರರ ಕೋರಿಕೆಗೆ ಒಡ್ಡಿದ ತಡೆಯೂ ಎಲ್ಲರ ಹಿಂಪಡೆಯುವಿಕೆಯ ಸ್ಥಗಿತವೂ ಬೇರೆ ಬೇರೆ. ಜಪಾನಿನ ಮೌಂಟ್ ಗಾಕ್ಸ್ 2014ರ ಫೆಬ್ರವರಿ 7ರಂದು ತಾಂತ್ರಿಕ ದೋಷದ ಕಾರಣ ನೀಡಿ ಬಿಟ್‌ಕಾಯಿನ್ ಹಿಂಪಡೆಯುವಿಕೆಯನ್ನು ನಿಲ್ಲಿಸಿತು. ಅದೇ ತಿಂಗಳ 28ರಂದು ದಿವಾಳಿತನದಿಂದ ರಕ್ಷಣೆ ಕೋರಿ ಅರ್ಜಿ ಸಲ್ಲಿಸಿತು.

ತಡೆಯನ್ನು ತೆರವುಗೊಳಿಸಲು ಮೊದಲು ತೆರಿಗೆ ಅಥವಾ ಠೇವಣಿಯನ್ನು ಹೊಸದಾಗಿ ಪಾವತಿಸಬೇಕೆಂಬ ಬೇಡಿಕೆಯು ನಕಲಿ ಎಕ್ಸ್‌ಚೇಂಜ್‌ಗಳ ಪರಿಚಿತ ಲಕ್ಷಣ. ಭಾರತದಲ್ಲಿ ಇಂತಹ ವಂಚನೆಯನ್ನು 1930 ಸಹಾಯವಾಣಿಗೆ ವರದಿ ಮಾಡಬಹುದು.