ಉಯಿಲಿನಲ್ಲಿ ನಿಮ್ಮ ಹಸುವೂ ಸೇರಿದ್ದರೆ



ಹೊಳೆನರಸೀಪುರದ ಕಡೆಯ ಒಂದು ಮನೆ ಎಂದಿಟ್ಟುಕೊಳ್ಳಿ. ತಂದೆ ತಮ್ಮ ಸ್ವಯಾರ್ಜಿತ ಜಮೀನಿನಲ್ಲಿ ಒಂದು ಎಕರೆಯನ್ನು ಹಿರಿಮಗನಿಗೆ ಉಯಿಲು ಬರೆದರು. ಹಿರಿಮಗ ತನ್ನ ಸ್ವಂತ ಸಾಲದಿಂದ ಕೊಂಡಿದ್ದ ಎರಡು ಹಸುಗಳನ್ನು ಅದೇ ಉಯಿಲಿನಲ್ಲಿ ಕಿರಿಮಗನಿಗೆ ಕೊಟ್ಟು ತೀರಿಕೊಂಡರು. ಹಸುಗಳು ತಮ್ಮವೇ ಎಂದು ಅವರು ನಂಬಿದ್ದರೂ ವ್ಯತ್ಯಾಸವಿಲ್ಲ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 180ನೇ ಕಲಮಿನಂತೆ ಹಿರಿಮಗ ಆಯ್ಕೆ ಮಾಡಬೇಕು. ಹಸು ಬಿಟ್ಟುಕೊಟ್ಟು ಜಮೀನು ಪಡೆಯಬಹುದು, ಇಲ್ಲವೇ ಹಸು ಉಳಿಸಿಕೊಂಡು ಜಮೀನು ಬಿಡಬಹುದು. ಎರಡೂ ದಕ್ಕುವುದಿಲ್ಲ.

ಹಸುಗಳ ಬೆಲೆ 1,20,000, ಜಮೀನಿನದು 5,00,000 ರೂಪಾಯಿ ಎನ್ನಿ. ಆತ ಹಸು ಉಳಿಸಿಕೊಂಡರೆ, ಬಿಟ್ಟ ಜಮೀನಿನ ಮೌಲ್ಯದಿಂದ ಮೊದಲು ತಮ್ಮನಿಗೆ 1,20,000 ಸಲ್ಲಬೇಕು. ಮಿಕ್ಕ 3,80,000, ಉಯಿಲಿನಲ್ಲಿ 'ಉಳಿದ ಆಸ್ತಿ' ಯಾರಿಗೆಂದಿದೆಯೋ ಅವರಿಗೆ ಹೋಗುತ್ತದೆ. ಲೆಕ್ಕ ನೋಡಿದರೆ ಹಸು ಬಿಡುವುದೇ ಲಾಭ. ಆದರೆ ಸಾಕಿದವನ ಮನಸ್ಸು ಲೆಕ್ಕ ಕೇಳುವುದಿಲ್ಲ!

ಏನೂ ಹೇಳದೆ ಜಮೀನು ಉಳುತ್ತಾ ಹೋದರೆ? ಎರಡು ವರ್ಷ ಆಕ್ಷೇಪಣೆಯಿಲ್ಲದೆ ಅನುಭವಿಸಿದವನು ತಿಳಿದೇ ಒಪ್ಪಿದನೆಂದು ಕಾನೂನು ಭಾವಿಸುತ್ತದೆ. ಇಲ್ಲವೆಂದು ತೋರಿಸಲು ಸಾಕ್ಷ್ಯ ಬೇಕು.

'ನನ್ನ ಹಸುಗಳೆಲ್ಲ ಕಿರಿಯನಿಗೆ' ಎಂದಷ್ಟೇ ಬರೆದಿದ್ದರೆ ಹಿರಿಯನ ಹಸು ಅದರಲ್ಲಿ ಸೇರದು, ಆಯ್ಕೆಯ ಪ್ರಶ್ನೆಯೂ ಏಳದು. ಹಸು ಯಾರದೆಂಬ ತಕರಾರು ಬಂದಾಗ ಸಾಲದ ಕಾಗದ, ಕಿವಿಯೋಲೆ ಸಂಖ್ಯೆಯಿರುವ ವಿಮೆ ಪತ್ರ ಯಾರ ಹೆಸರಿನಲ್ಲಿವೆ ಎಂಬುದನ್ನು ಮೊದಲು ನೋಡಿರಿ.