ವಿಮಾನದಲ್ಲಿ ಪೆಗ್ ಹಾಕಿ ಮಲಗಬಹುದೇ?

ಬೆಂಗಳೂರಿನಿಂದ ಸ್ಯಾನ್‌ಫ್ರಾನ್ಸಿಸ್ಕೋಗೆ ವಿಮಾನದಲ್ಲಿ ಹದಿನಾರು ಗಂಟೆಗೂ ಹೆಚ್ಚು ಕೂರಬೇಕು. ಹೊರಟವರಿಗೆ ಗೆಳೆಯರು ಹೇಳುವುದುಂಟು: "ಒಂದೆರಡು ಪೆಗ್ ಹಾಕಿ ಮಲಗಿಬಿಡಿ, ಎದ್ದಾಗ ಅಮೆರಿಕ."

ವಿಮಾನದೊಳಗಿನ ಗಾಳಿ ನೆಲದ ಮೇಲಿನ ಗಾಳಿಯಲ್ಲ. ಒತ್ತಡ ಹೆಚ್ಚೆಂದರೆ 8,000 ಅಡಿ ಎತ್ತರದಲ್ಲಿ ಇರುವಷ್ಟಕ್ಕೆ ಇಳಿಯಬಹುದು ಎಂಬುದು ನಿಯಮ. ನಮ್ಮ ಮುಳ್ಳಯ್ಯನಗಿರಿ ಸುಮಾರು 6,300 ಅಡಿ. ಅಂದರೆ ಅದರ ತುದಿಗಿಂತಲೂ ಮೇಲೆ ಕೂತು ರಾತ್ರಿ ಕಳೆದಂತೆ. ಉಸಿರಿಗೆ ಸಿಗುವ ಆಮ್ಲಜನಕ ಕಡಿಮೆ. ಆರೋಗ್ಯವಂತರು ಎಚ್ಚರವಾಗಿದ್ದಾಗ ಇದು ಗೊತ್ತೇ ಆಗುವುದಿಲ್ಲ. ನಿದ್ದೆ ಬಂದರೆ ಉಸಿರಾಟ ನಿಧಾನವಾಗುತ್ತದೆ, ಕುಡಿದಿದ್ದರೆ ಇನ್ನೂ ಮಂದ.

ಜರ್ಮನಿಯ ವಿಮಾನಯಾನ ಸಂಶೋಧನಾ ಕೇಂದ್ರ ಇದನ್ನು ಅಳೆದು ನೋಡಿ 2024ರಲ್ಲಿ ಪ್ರಕಟಿಸಿತು. ಪರೀಕ್ಷೆಗೆ ಒಳಗಾದವರು 40 ದಾಟದ ಆರೋಗ್ಯವಂತರು. ಎರಡು ಕ್ಯಾನ್ ಬಿಯರಿನಷ್ಟು ಮದ್ಯ ಕುಡಿದು, ವಿಮಾನದ ಒತ್ತಡವಿರುವ ಕೋಣೆಯಲ್ಲಿ ನಾಲ್ಕು ಗಂಟೆ ಮಲಗಿದರು. ರಕ್ತದ ಆಮ್ಲಜನಕ ಸುಮಾರು 85ಕ್ಕೆ ಇಳಿಯಿತು, ನಾಡಿ ನಿಮಿಷಕ್ಕೆ 88ಕ್ಕೆ ಏರಿತು. ಕುಡಿಯದೆ ನೆಲಮಟ್ಟದಲ್ಲಿ ಮಲಗಿದಾಗ ಇವು 96 ಮತ್ತು 64. ಗಟ್ಟಿಮುಟ್ಟಾದ ಯುವಕರದ್ದೇ ಈ ಪಾಡು. ಹೃದಯ ಅಥವಾ ಶ್ವಾಸಕೋಶದ ತೊಂದರೆ ಇರುವ ಅರುವತ್ತೈದರ ಅಪ್ಪನ ದೇಹಕ್ಕೆ ಎಷ್ಟು ಹೊರೆ ಎಂದು ಊಹಿಸಿಕೊಳ್ಳಿ. ಅಂದಹಾಗೆ ಆ ನಿದ್ದೆಯ ಗುಣವೂ ಕೆಟ್ಟಿತ್ತು.

ನಿದ್ದೆ ಮಾತ್ರೆಯ ಅಪಾಯ ಬೇರೆ ಬಗೆಯದು. ಜೋಲ್ಪಿಡೆಮ್, ಅಲ್ಪ್ರಜೋಲಮ್‌ನಂಥವು ಮದ್ಯದ ಜೊತೆ ಸೇರಿದರೆ ಉಸಿರಾಟವನ್ನು ಮತ್ತಷ್ಟು ಕುಗ್ಗಿಸುತ್ತವೆ. ಎರಡನ್ನೂ ಒಟ್ಟಿಗೆ ಮುಟ್ಟಲೇಬಾರದು. ಮಾತ್ರೆಯೊಂದನ್ನೇ ನುಂಗಿದರೂ ಕಾಲು ಮಡಚಿಕೊಂಡೇ ಗಂಟೆಗಟ್ಟಲೆ ಅಲುಗದೆ ಮಲಗುವುದರಿಂದ ಮೀನಖಂಡದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಭಯವಿದೆ. ಇಳಿದ ಮೇಲೆ ಒಂದೇ ಕಾಲು ಊದಿ ನೋಯುತ್ತಿದ್ದರೆ, ಎದೆ ನೋವು ಅಥವಾ ಏದುಸಿರು ಬಂದರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ವೈದ್ಯರು ಬರೆದುಕೊಟ್ಟ ಮಾತ್ರೆಯೇ ಆದರೂ ಮೊದಲ ಬಾರಿ ನುಂಗುವ ಜಾಗ ವಿಮಾನವಲ್ಲ. ಗೊರಕೆಗೆ ಸಿಪ್ಯಾಪ್ ಯಂತ್ರ ಬಳಸುವವರು ಅದನ್ನು ಲಗೇಜಿಗೆ ಹಾಕದೆ ಕೈಚೀಲದಲ್ಲೇ ಒಯ್ಯಲಿ, ಸೀಟಿನಲ್ಲಿ ಬಳಸುವ ವಿಚಾರವನ್ನು ವಿಮಾನ ಸಂಸ್ಥೆಗೆ ಮೊದಲೇ ತಿಳಿಸಲಿ.

ಒಣಗಾಳಿಯ ಬಗ್ಗೆ ಮಾತ್ರ ಜನ ಅತಿಯಾಗಿ ಹೆದರುತ್ತಾರೆ. ತೇವಾಂಶ ಶೇ. 20ಕ್ಕಿಂತ ಕಡಿಮೆ ಇರುವುದು ನಿಜ. ಮೂಗು, ಗಂಟಲು, ಕಣ್ಣು ಒಣಗುತ್ತವೆ. ಅಷ್ಟಕ್ಕೇ ಮೈಯ ನೀರೆಲ್ಲ ಬತ್ತುವುದಿಲ್ಲ. ಬಾಯಾರಿದಾಗ ನೀರು ಕುಡಿಯುತ್ತಿದ್ದು, ಕಾಂಟ್ಯಾಕ್ಟ್ ಲೆನ್ಸ್ ತೆಗೆದು ಕನ್ನಡಕ ಹಾಕಿಕೊಂಡರೆ ಸಾಕು.

ಒಂದೇ ಉಸಿರಿಗೆ ಎಂಟು ಗಂಟೆ ಮಲಗುವ ಹಟ ಬೇಡ. ಎರಡು ಮೂರು ಗಂಟೆಯ ತುಂಡುನಿದ್ದೆ ಮಾಡಿ, ನಡುವೆ ಎದ್ದು ಓಡಾಡಿ. ಅದಕ್ಕೆ ಓಣಿ ಬದಿಯ ಸೀಟೇ ಅನುಕೂಲ. ಸೀಟ್‌ಬೆಲ್ಟನ್ನು ಹೊದಿಕೆಯ ಮೇಲೆ ಕಾಣುವಂತೆ ಕಟ್ಟಿಕೊಂಡರೆ, ವಿಮಾನ ಅಲುಗಾಡಿದಾಗ ಸಿಬ್ಬಂದಿ ಬೆಲ್ಟ್ ನೋಡಲು ನಿಮ್ಮನ್ನು ಎಬ್ಬಿಸಬೇಕಾಗುವುದಿಲ್ಲ.